ಒಂದೇ ಚಾರ್ಟ್, ನಾಲ್ಕು ಲೆಕ್ಕ

ಟ್ಯಾಬ್ಲೋ ಕಲಿಯಲು ಕುಳಿತವರಿಗೆ ಮೊದಲು ಎದುರಾಗುವುದು Superstore ಎಂಬ ಅಂಗಡಿ. ಅಂಗಡಿ ನಿಜವಾದದ್ದಲ್ಲ, ಅಭ್ಯಾಸಕ್ಕೆಂದು ತಂತ್ರಾಂಶದ ಜೊತೆಗೇ ಕೊಡುವ ಮಾದರಿ ದತ್ತಾಂಶ. ನಾಲ್ಕು ವರ್ಷ ನಡೆದ ವ್ಯಾಪಾರ, ಸುಮಾರು 10 ಸಾವಿರ ಸಾಲುಗಳು, ಕುರ್ಚಿ ಮೇಜುಗಳಿಂದ ಹಿಡಿದು ಕಾಗದ, ಫೋನು, ಕಾಪಿಯರ್ ಯಂತ್ರದವರೆಗೆ 17 ಬಗೆಯ ಸರಕು. ಪ್ರತಿ ಸಾಲಿನಲ್ಲೂ ಮಾರಾಟದ ಮೊತ್ತ, ಲಾಭ, ಎಷ್ಟು ನಗ ಹೋಯಿತು, ಎಷ್ಟು ಡಿಸ್ಕೌಂಟ್ ಕೊಟ್ಟರು ಎಂಬ ನಾಲ್ಕು ಅಂಕಿಗಳಿರುತ್ತವೆ.

ಈ ಸರಕುಗಳನ್ನು ಮಾರಾಟದ ಪ್ರಕಾರ ಪಟ್ಟಿಗಳಾಗಿ ಜೋಡಿಸಿದರೆ ಫೋನು ಮತ್ತು ಕುರ್ಚಿ ಮೇಲೆ ಬರುತ್ತವೆ. ಲಾಭದ ಪ್ರಕಾರ ಜೋಡಿಸಿದರೆ ಮಾರಾಟದಲ್ಲಿ ಎಲ್ಲೋ ನಡುವೆ ಇದ್ದ ಕಾಪಿಯರ್ ಮೊದಲ ಸ್ಥಾನಕ್ಕೆ ಏರುತ್ತದೆ. ನಗಗಳ ಲೆಕ್ಕ ಹಿಡಿದರೆ ಬೈಂಡರ್‌ಗಳೇ ಮುಂದೆ. ನೋಡುವವರಲ್ಲಿ ಒಬ್ಬರಿಗೆ ಮಾರಾಟ ಬೇಕು, ಇನ್ನೊಬ್ಬರಿಗೆ ಲಾಭ ಬೇಕು, ಗೋದಾಮಿನವರಿಗೆ ನಗಗಳು ಬೇಕು. ಪ್ರತಿಯೊಬ್ಬರಿಗೂ ಒಂದೊಂದು ಚಾರ್ಟ್ ಮಾಡುತ್ತ ಹೋದರೆ ಡ್ಯಾಶ್‌ಬೋರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಟ್ಯಾಬ್ಲೋದವರು ಬಹುಕಾಲದಿಂದ ಬಳಸುತ್ತಿರುವ ಉಪಾಯವೆಂದರೆ ಚಾರ್ಟ್ ಒಂದನ್ನೇ ಇಟ್ಟು, ಪಕ್ಕದಲ್ಲಿ ಆಯ್ಕೆಯ ಪಟ್ಟಿಯೊಂದನ್ನು ಕೊಡುವುದು. ನೋಡುವವರು ತಮಗೆ ಬೇಕಾದ ಲೆಕ್ಕವನ್ನು ಆರಿಸಿದರೆ ಅದೇ ಪಟ್ಟಿಗಳು ಉದ್ದ ಬದಲಿಸಿಕೊಳ್ಳುತ್ತವೆ. ಆ ಆಯ್ಕೆಯ ಹಿಂದೆ ಇರುವುದೇ ಪ್ಯಾರಾಮೀಟರ್.

ಪ್ಯಾರಾಮೀಟರನ್ನು ಫಿಲ್ಟರ್ ಎಂದು ತಿಳಿಯುವವರೇ ಹೆಚ್ಚು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ ನಿಜ, ಕೆಲಸ ಮಾತ್ರ ಬೇರೆ. ಫಿಲ್ಟರ್ ದತ್ತಾಂಶದ ಸಾಲುಗಳನ್ನು ಒಳಗೆ ಬಿಡುತ್ತದೆ ಇಲ್ಲವೇ ಹೊರಗೆ ಹಾಕುತ್ತದೆ. ಪ್ಯಾರಾಮೀಟರಿಗೆ ಸಾಲುಗಳ ಗೊಡವೆಯೇ ಇಲ್ಲ. ಅದು ಒಂದು ಸಲಕ್ಕೆ ಒಂದೇ ಬೆಲೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ತಂತಿ ಎಳೆಯದ ಸ್ವಿಚ್ಚಿನ ಹಾಗೆ, ತನ್ನಷ್ಟಕ್ಕೆ ಅದು ಏನನ್ನೂ ಮಾಡುವುದಿಲ್ಲ. ಹೊಸಬರು ಪ್ಯಾರಾಮೀಟರ್ ಮಾಡಿಟ್ಟು, ಆಯ್ಕೆ ಬದಲಿಸಿ ಬದಲಿಸಿ, ಚಾರ್ಟ್ ಯಾಕೆ ಅಲುಗಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಇಲ್ಲಿಯೇ. ತಂತಿ ಎಳೆಯುವ ಕೆಲಸ ಮಾಡಬೇಕಾದದ್ದು ಒಂದು ಲೆಕ್ಕದ ಸೂತ್ರ, ಅಂದರೆ ಕ್ಯಾಲ್ಕ್ಯುಲೇಟೆಡ್ ಫೀಲ್ಡ್.

ಮಾಡುವ ಕ್ರಮ ಸುಲಭ. ಎಡಗಡೆಯ ದತ್ತಾಂಶದ ಅಂಕಣದಲ್ಲಿ Create Parameter ಒತ್ತಿ, ಅದಕ್ಕೆ Metric ಎಂದು ಹೆಸರಿಡಿ. Data type ಎಂಬಲ್ಲಿ Integer ಆರಿಸಿ, Allowable values ಎಂಬಲ್ಲಿ List ಆರಿಸಿ. ಈಗ 1, 2, 3, 4 ಎಂದು ಬೆಲೆಗಳನ್ನು ತುಂಬಿ, ಪ್ರತಿಯೊಂದರ ಪಕ್ಕದ Display As ಅಂಕಣದಲ್ಲಿ ನೋಡುವವರಿಗೆ ಕಾಣಬೇಕಾದ ಹೆಸರು ಬರೆಯಿರಿ: ಮಾರಾಟ, ಲಾಭ, ನಗಗಳು, ಸರಾಸರಿ ಡಿಸ್ಕೌಂಟ್. ನೇರವಾಗಿ ಪದಗಳನ್ನೇ ಬೆಲೆಯಾಗಿ ಕೊಡಬಹುದಲ್ಲ ಎಂದು ಕೇಳಬಹುದು. ಕೊಡಬಹುದು, ಆದರೆ ನಾನು ಅಂಕಿಗಳ ಪರ. ಪದ ಕೊಟ್ಟರೆ ಪಟ್ಟಿಯಲ್ಲಿ ಇರುವ ಅಕ್ಷರಗಳೂ ಸೂತ್ರದಲ್ಲಿರುವ ಅಕ್ಷರಗಳೂ ತಾಳೆಯಾಗಬೇಕು. ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದ್ದರೂ ಸಾಕು, ಆ ಆಯ್ಕೆಗೆ ಬಂದಾಗ ಚಾರ್ಟ್ ಬರಿದಾಗುತ್ತದೆ, ತಪ್ಪಿನ ಸಂದೇಶವೂ ಬರುವುದಿಲ್ಲ. ನಾಳೆ ಮ್ಯಾನೇಜರು 'ಮಾರಾಟ' ಬೇಡ, 'ವಹಿವಾಟು' ಅನ್ನಿ ಎಂದರೂ ಅಂಕಿ ಕೊಟ್ಟವರು ಹೆಸರು ಬದಲಿಸಿ ಸುಮ್ಮನಿರಬಹುದು, ಸೂತ್ರವನ್ನು ಮುಟ್ಟಬೇಕಿಲ್ಲ.

ಪ್ಯಾರಾಮೀಟರಿನ ಮೇಲೆ ಬಲ ಕ್ಲಿಕ್ ಮಾಡಿ Show Parameter ಒತ್ತಿದರೆ ಆಯ್ಕೆಯ ಪಟ್ಟಿ ಪರದೆಗೆ ಬರುತ್ತದೆ. ಮುಂದಿನದು ಸೂತ್ರ:

```
CASE [Metric]
WHEN 1 THEN SUM([Sales])
WHEN 2 THEN SUM([Profit])
WHEN 3 THEN SUM([Quantity])
WHEN 4 THEN AVG([Discount])
END
```

ಇದಕ್ಕೆ Chosen Value ಎಂದು ಹೆಸರಿಟ್ಟು, Sales ಇದ್ದ ಜಾಗಕ್ಕೆ ಎಳೆದು ಹಾಕಿದರೆ ಚಾರ್ಟ್ ಜೀವ ಪಡೆಯುತ್ತದೆ. ಹತ್ತು ನಿಮಿಷದ ಕೆಲಸ. ಹೆಚ್ಚಿನ ಪಾಠಗಳು ಇಲ್ಲಿಗೆ ಮುಗಿಯುತ್ತವೆ, ತೊಂದರೆಗಳು ಇಲ್ಲಿಂದ ಶುರುವಾಗುತ್ತವೆ.

ಸೂತ್ರದೊಳಗೆ SUM, AVG ಎಂದು ಬಿಡಿಸಿ ಬರೆದದ್ದನ್ನು ಗಮನಿಸಿ. ಎಷ್ಟೋ ಜನ ಅದನ್ನು ಬಿಟ್ಟು WHEN 4 THEN [Discount] ಎಂದಷ್ಟೇ ಬರೆಯುತ್ತಾರೆ. ಅದೂ ಓಡುತ್ತದೆ. ಆದರೆ ಆಗ ಸೂತ್ರ ಪ್ರತಿ ಸಾಲಿಗೂ ಒಂದೊಂದು ಅಂಕಿ ಕೊಡುತ್ತದೆ, ಚಾರ್ಟಿಗೆ ಎಳೆದಾಗ ಟ್ಯಾಬ್ಲೋ ಅವನ್ನೆಲ್ಲ ತಾನಾಗಿ ಕೂಡಿಬಿಡುತ್ತದೆ. ಮಾರಾಟ, ಲಾಭ, ನಗಗಳನ್ನು ಕೂಡುವುದರಲ್ಲಿ ತಪ್ಪಿಲ್ಲ. ಡಿಸ್ಕೌಂಟ್ ಎಂಬುದು ಶೇಕಡಾವಾರು, ಅದನ್ನು ಕೂಡಿದರೆ ಬರುವುದು ಅರ್ಥವಿಲ್ಲದ ಮೊತ್ತ. Superstoreನಲ್ಲೇ ನೋಡಿ: ಕಾಗದದ ಸಾಲುಗಳು 1,300ಕ್ಕೂ ಹೆಚ್ಚು, ಮೇಜಿನವು 300 ಚಿಲ್ಲರೆ. ಡಿಸ್ಕೌಂಟ್‌ಗಳನ್ನು ಕೂಡಿದರೆ ಕಾಗದಕ್ಕೆ 100ರ ಆಸುಪಾಸು, ಮೇಜಿಗೆ 80ರ ಆಸುಪಾಸು ಬರುತ್ತದೆ. ಕಾಗದಕ್ಕೇ ಹೆಚ್ಚು ರಿಯಾಯಿತಿ ಕೊಟ್ಟಿದ್ದಾರೆ ಎಂದು ಚಾರ್ಟ್ ಹೇಳುತ್ತದೆ. ಸರಾಸರಿ ತೆಗೆದರೆ ಕಾಗದಕ್ಕೆ ಸಿಕ್ಕಿದ್ದು ಸುಮಾರು ಶೇ. 7.5, ಮೇಜಿಗೆ ಸುಮಾರು ಶೇ. 26! ಕೂಡಿದ ಚಾರ್ಟ್ ನಿಜಕ್ಕೂ ತೋರಿಸುತ್ತಿದ್ದದ್ದು ಎಷ್ಟು ಸಾಲುಗಳಿವೆ ಎಂಬುದನ್ನು. ಪಟ್ಟಿಗಳು ನೇರವಾಗಿಯೇ ನಿಂತಿರುತ್ತವೆ, ಬಣ್ಣವೂ ಚೆನ್ನಾಗಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಶೇಕಡಾವಾರು ಇರಬೇಕಾದಲ್ಲಿ 100 ಕಂಡರೆ ಅದೇ ಗುರುತು.

ಕೆಲವು ಕಡೆ ಕೂಡಿದ್ದನ್ನೂ ಬಿಡಿ ಫೀಲ್ಡನ್ನೂ ಒಂದೇ ಸೂತ್ರದಲ್ಲಿ ಬೆರೆಸಿದರೆ ಟ್ಯಾಬ್ಲೋ ಸೂತ್ರವನ್ನು ಒಪ್ಪುವುದಿಲ್ಲ, ಕೆಂಪು ಗೆರೆ ಎಳೆದು ಬೈಯುತ್ತದೆ. ಆ ಬೈಗುಳ ಒಳ್ಳೆಯದಕ್ಕೇ. ಸುಮ್ಮನೆ ಒಪ್ಪಿಕೊಳ್ಳುವ ಸೂತ್ರವೇ ಅಪಾಯ.

ಎರಡನೆಯ ತೊಡಕು ಅಂಕಿಗಳ ವೇಷಕ್ಕೆ ಸಂಬಂಧಿಸಿದ್ದು. ಮಾರಾಟದ ಮುಂದೆ ಡಾಲರ್ ಚಿಹ್ನೆ ಬೇಕು, ಡಿಸ್ಕೌಂಟ್ ಮುಂದೆ ಶೇಕಡಾ ಚಿಹ್ನೆ ಬೇಕು, ನಗಗಳಿಗೆ ಏನೂ ಬೇಡ. ಆದರೆ Chosen Value ಒಂದೇ ಫೀಲ್ಡ್, ಅದಕ್ಕೆ ಒಂದೇ ಸ್ವರೂಪ. ಡಾಲರ್ ಎಂದು ಇಟ್ಟರೆ 5,000 ಬೈಂಡರ್‌ಗಳು 5,000 ಡಾಲರ್ ಆಗಿಬಿಡುತ್ತವೆ. ಬರೀ ಅಂಕಿ ಎಂದು ಇಟ್ಟು ದಶಾಂಶ ತೆಗೆದರೆ 0.26 ಡಿಸ್ಕೌಂಟ್ ಸೊನ್ನೆಯಾಗುತ್ತದೆ. ಅನುಭವಿಗಳು ಇದಕ್ಕೊಂದು ಚಂದದ ದಾರಿ ಕಂಡುಕೊಂಡಿದ್ದಾರೆ. ಪಟ್ಟಿಯ ಉದ್ದಕ್ಕೆ Chosen Value ಇರಲಿ, ಪಟ್ಟಿಯ ಮೇಲೆ ಬರೆಯುವ ಅಂಕಿಗೆ ಮಾತ್ರ ಒಂದೊಂದು ಲೆಕ್ಕಕ್ಕೂ ಪ್ರತ್ಯೇಕ ಪುಟ್ಟ ಫೀಲ್ಡ್ ಮಾಡಿ:

```
IF [Metric] = 1 THEN SUM([Sales]) END
```

ಇದಕ್ಕೆ ಡಾಲರ್ ಸ್ವರೂಪ ಕೊಡಿ. ಇದೇ ಮಾದರಿಯಲ್ಲಿ ಲಾಭಕ್ಕೆ, ನಗಕ್ಕೆ, ಡಿಸ್ಕೌಂಟ್‌ಗೆ ಒಂದೊಂದು ಮಾಡಿ, ಡಿಸ್ಕೌಂಟಿನದಕ್ಕೆ ಶೇಕಡಾ ಸ್ವರೂಪ ಕೊಡಿ. ನಾಲ್ಕನ್ನೂ Label ಮೇಲೆ ಹಾಕಿ, ಲೇಬಲ್ಲಿನ ಪಠ್ಯದಲ್ಲಿ ನಡುವೆ ಜಾಗ ಬಿಡದೆ ಒಂದೇ ಸಾಲಿನಲ್ಲಿ ಜೋಡಿಸಿ. ಯಾವ ಆಯ್ಕೆ ಇದ್ದರೂ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಬೆಲೆ ಇರುತ್ತದೆ, ಉಳಿದ ಮೂರು ಖಾಲಿ. ಖಾಲಿ ಇದ್ದದ್ದು ಕಾಣುವುದಿಲ್ಲ, ಆದ್ದರಿಂದ ಸರಿಯಾದ ಚಿಹ್ನೆಯ ಒಂದೇ ಅಂಕಿ ಉಳಿಯುತ್ತದೆ. ಮೌಸ್ ಇಟ್ಟಾಗ ತೆರೆದುಕೊಳ್ಳುವ ಟೂಲ್‌ಟಿಪ್ಪಿಗೂ ಇದೇ ನಾಲ್ಕನ್ನು ಹಾಕಬೇಕು. ಅಲ್ಲಿ ಮರೆತರೆ ಪಟ್ಟಿಯ ಮೇಲೆ ಒಂದು, ಟೂಲ್‌ಟಿಪ್ಪಿನಲ್ಲಿ ಇನ್ನೊಂದು ಎಂದಾಗುತ್ತದೆ. ಅಕ್ಷದ ಅಂಕಿಗಳು ಹೇಗೂ ಒಂದೇ ಸ್ವರೂಪದಲ್ಲಿ ಬರುವುದರಿಂದ ಅಕ್ಷವನ್ನೇ ಮುಚ್ಚಿಡುವುದು ವಾಸಿ.

ಅಕ್ಷ ಮುಚ್ಚಿದ ಮೇಲೆ ಚಾರ್ಟ್ ಯಾವುದರ ಬಗ್ಗೆ ಎಂದು ಶೀರ್ಷಿಕೆಯೇ ಹೇಳಬೇಕು. ಶೀರ್ಷಿಕೆಯನ್ನು ತಿದ್ದುವ ಪೆಟ್ಟಿಗೆಯಲ್ಲಿ Insert ಒತ್ತಿ ಪ್ಯಾರಾಮೀಟರನ್ನು ಸೇರಿಸಿದರೆ ಅಲ್ಲಿ `<Parameters.Metric>` ಎಂದು ಬರುತ್ತದೆ. ಚಾರ್ಟಿನಲ್ಲಿ ಅದರ ಜಾಗದಲ್ಲಿ ಆಗಿನ ಆಯ್ಕೆಯ ಹೆಸರು ಕಾಣುತ್ತದೆ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ಪಿಗೆ ಹಾಕುವ ಕಾಲ ಇದು. ಆಯ್ಕೆಯ ಪಟ್ಟಿ ಆ ಚಿತ್ರದಲ್ಲಿ ಇರುವುದಿಲ್ಲ, ಶೀರ್ಷಿಕೆ ಇರುತ್ತದೆ.

ಪಟ್ಟಿಗಳ ಕ್ರಮವನ್ನೂ ಗಮನಿಸಬೇಕು. Sales ಪ್ರಕಾರ ವಿಂಗಡಿಸಿಟ್ಟಿದ್ದರೆ ಲಾಭ ಆರಿಸಿದಾಗಲೂ ಮಾರಾಟದ ಕ್ರಮವೇ ಉಳಿಯುತ್ತದೆ. Chosen Value ಪ್ರಕಾರ ವಿಂಗಡಿಸಿದರೆ ಪ್ರತಿ ಆಯ್ಕೆಗೂ ಕ್ರಮ ಬದಲಾಗುತ್ತದೆ. ಯಾವುದು ಮೊದಲು ಎಂದು ತಿಳಿಯಬೇಕಾದವರಿಗೆ ಎರಡನೆಯದೇ ಸರಿ. ಆದರೆ ಒಂದೇ ಸರಕಿನ ಮೇಲೆ ಕಣ್ಣಿಟ್ಟವರಿಗೆ ಅದು ಪ್ರತಿ ಸಲ ಬೇರೆ ಕಡೆ ಹಾರಿ ಕಿರಿಕಿರಿ ಕೊಡುತ್ತದೆ.

ಪ್ಯಾರಾಮೀಟರ್ ಇಡೀ ವರ್ಕ್‌ಬುಕ್ಕಿಗೆ ಸೇರಿದ್ದು ಎಂಬುದೂ ನೆನಪಿರಲಿ. ಮೊದಲ ಡ್ಯಾಶ್‌ಬೋರ್ಡಿನಲ್ಲಿ ಲಾಭ ಆರಿಸಿ ಎರಡನೆಯದಕ್ಕೆ ಹೋದರೆ, ಅಲ್ಲಿಯೂ ಅದೇ Metric ಬಳಸಿದ್ದರೆ, ಅಲ್ಲೂ ಲಾಭವೇ ಕಾಣುತ್ತದೆ. ಎರಡೂ ಕಡೆ ಆಯ್ಕೆ ಒಂದೇ ಇರಬೇಕಾದರೆ ಇದು ವರ. ಬೇರೆ ಬೇರೆ ಇರಬೇಕಾದರೆ ಎರಡು ಪ್ಯಾರಾಮೀಟರ್ ಮಾಡದೆ ಬೇರೆ ದಾರಿಯಿಲ್ಲ. ಬೇರೆಯವರ ಪರದೆಗೆ ಮಾತ್ರ ಇದರಿಂದ ಬಾಧೆಯಿಲ್ಲ. ಸರ್ವರಿನಲ್ಲಿ ಹಾಕಿದ ಡ್ಯಾಶ್‌ಬೋರ್ಡಿನಲ್ಲಿ ನೀವು ಮಾಡಿದ ಆಯ್ಕೆ ನಿಮ್ಮ ಪರದೆಗೆ ಸೀಮಿತ.

ಇಷ್ಟೆಲ್ಲ ಸರಿ ಮಾಡಿದರೂ ಈ ಉಪಾಯ ಎಲ್ಲ ಪ್ರಶ್ನೆಗೂ ಒದಗುವುದಿಲ್ಲ. ಮೇಜುಗಳನ್ನೇ ನೋಡಿ. ಮಾರಾಟದಲ್ಲಿ ಅವು ಮೊದಲ ಐದರಲ್ಲಿವೆ, 2 ಲಕ್ಷ ಡಾಲರ್ ದಾಟಿದೆ. ಲಾಭಕ್ಕೆ ಬಂದರೆ ಎಲ್ಲಕ್ಕಿಂತ ಕೆಳಗೆ, 17 ಸಾವಿರಕ್ಕೂ ಹೆಚ್ಚು ಡಾಲರ್ ನಷ್ಟ. ಹೆಚ್ಚು ಮಾರಿ ಹೆಚ್ಚು ಕಳೆದುಕೊಳ್ಳುವ ಈ ಸರಕೇ ಅಂಗಡಿಯ ಬಹುದೊಡ್ಡ ಸುದ್ದಿ. ಆಯ್ಕೆ ಬದಲಿಸುವ ಚಾರ್ಟಿನಲ್ಲಿ ಅದನ್ನು ಹಿಡಿಯಬೇಕಾದರೆ ಮಾರಾಟದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಲಾಭಕ್ಕೆ ಬದಲಿಸಿ ಎರಡನ್ನೂ ಹೋಲಿಸಬೇಕು. ಯಾರೂ ಹಾಗೆ ಮಾಡುವುದಿಲ್ಲ. ಎರಡು ಲೆಕ್ಕಗಳ ನಡುವಿನ ಸಂಬಂಧವೇ ಪ್ರಶ್ನೆಯಾದಾಗ ಎರಡನ್ನೂ ಅಕ್ಕಪಕ್ಕ ಇಡಬೇಕು. ಒಂದು ಸಲಕ್ಕೆ ಒಂದೇ ಲೆಕ್ಕ ಬೇಕಾದವರಿಗೆ ಮಾತ್ರ ಪ್ಯಾರಾಮೀಟರ್.

ಪ್ರಕಟಿಸುವ ಮುನ್ನ ಇಷ್ಟು ಮಾಡಿ. ಇನ್ನೊಂದು ಹಾಳೆಯಲ್ಲಿ ಪ್ಯಾರಾಮೀಟರ್ ಇಲ್ಲದ ಸಾದಾ ಕೋಷ್ಟಕ ಹಾಕಿ, ಅದರಲ್ಲಿ 17 ಸರಕುಗಳಿಗೂ ಮಾರಾಟ, ಲಾಭ, ನಗ, ಸರಾಸರಿ ಡಿಸ್ಕೌಂಟ್ ಬರಲಿ. ಆಮೇಲೆ ಚಾರ್ಟಿನಲ್ಲಿ ನಾಲ್ಕೂ ಆಯ್ಕೆಗಳನ್ನು ಒಂದೊಂದಾಗಿ ಒತ್ತಿ, ಎರಡು ಮೂರು ಸರಕುಗಳ ಅಂಕಿಯನ್ನು ಕೋಷ್ಟಕದ ಜೊತೆ ತಾಳೆ ನೋಡಿ. ಚಿಹ್ನೆ, ಶೀರ್ಷಿಕೆ, ಟೂಲ್‌ಟಿಪ್ ಮೂರನ್ನೂ ಪ್ರತಿ ಆಯ್ಕೆಗೂ ಓದಿ. ಮೊದಲ ಆಯ್ಕೆಯೊಂದನ್ನೇ ನೋಡಿ ಕಳಿಸಬೇಡಿ, ತಪ್ಪು ಸಾಮಾನ್ಯವಾಗಿ ಅಡಗಿರುವುದು ನಾಲ್ಕನೆಯದರಲ್ಲಿ.