ಒಂದು ಸುತ್ತಿಗೆ ಒಂದೇ ಮೂಟೆ

ತಾರಸಿ ಹಾಕುವ ದಿನ ಮನೆ ಮುಂದೆ ಬಂದು ನಿಲ್ಲುವ ಮಿಕ್ಸರ್ ಸಾಮಾನ್ಯವಾಗಿ 10/7 ಅಳತೆಯದು. ಡ್ರಮ್ಮಿಗೆ 10 ಘನ ಅಡಿ ಒಣ ಸಾಮಾನು ಹಾಕಿದರೆ ಸುಮಾರು 7 ಘನ ಅಡಿ ಕಾಂಕ್ರೀಟು ಹೊರಬರುತ್ತದೆ ಎಂದರ್ಥ. ಜಲ್ಲಿಯ ಸಂದಿಗಳಲ್ಲಿ ಮರಳು, ಮರಳಿನ ಸಂದಿಗಳಲ್ಲಿ ಸಿಮೆಂಟು ಕೂರುವುದರಿಂದ ಗಾತ್ರ ಕುಗ್ಗುತ್ತದೆ.

50 ಕೆ.ಜಿ. ಸಿಮೆಂಟು ಮೂಟೆಯ ಗಾತ್ರ ಸುಮಾರು ಒಂದೂಕಾಲು ಘನ ಅಡಿ. 12 ಅಂಗುಲ ಉದ್ದ, 12 ಅಗಲ, 15 ಎತ್ತರದ ಪೆಟ್ಟಿಗೆಯೂ ಅಷ್ಟೇ ಹಿಡಿಯುತ್ತದೆ. 1:1½:3 ಮಿಶ್ರಣಕ್ಕೆ ಒಂದು ಮೂಟೆ ಸಿಮೆಂಟು, ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಒಟ್ಟು ಏಳು ಘನ ಅಡಿಯ ಆಸುಪಾಸು. ಡ್ರಮ್ಮಿನಲ್ಲಿ ಇನ್ನೂ ಜಾಗವಿದೆ ಎಂದು ಮೇಸ್ತ್ರಿ ಒಂದೂವರೆ ಮೂಟೆ ಹಾಕಹೊರಟರೆ ಹತ್ತು ದಾಟುತ್ತದೆ, ಸಾಮಾನು ಬಾಯಿಂದ ಚೆಲ್ಲುತ್ತದೆ. ಮೇಲಾಗಿ ಅರ್ಧ ಮೂಟೆಯನ್ನು ಸೈಟಿನಲ್ಲಿ ತೂಗುವವರು ಯಾರು? ಎಲ್ಲ ಕಣ್ಣಂದಾಜೇ.

600 ಚದರಡಿ, 5 ಅಂಗುಲ ದಪ್ಪದ ತಾರಸಿಗೆ 250 ಘನ ಅಡಿ ಕಾಂಕ್ರೀಟು ಬೇಕು. ಮೂಟೆಗೆ ನಾಲ್ಕೂವರೆಯಂತೆ ಸುಮಾರು 56 ಸುತ್ತು. ಬಾಂಡ್ಲಿ ಲೆಕ್ಕ ಬೇಡ, ಪೆಟ್ಟಿಗೆ ತರಿಸಿ; ಸಂಜೆ ಖಾಲಿ ಚೀಲಗಳನ್ನು ನೀವೇ ಎಣಿಸಿ.