ತಣ್ಣನೆಯ ತಟ್ಟೆಯಲ್ಲಿ ಕಾವಲಿಯ ಕಾವು!

ಬೀಡಿನ ಕಾವಲಿ ಒಲೆಯ ಮೇಲಿದೆ. ಮುಟ್ಟುವುದಿಲ್ಲ, ನೀರು ಚಿಮುಕಿಸುವುದಿಲ್ಲ. ಗೇಣು ದೂರದಿಂದ ಇನ್‌ಫ್ರಾರೆಡ್ ಥರ್ಮಾಮೀಟರಿನ ಗುಂಡಿ ಒತ್ತಿದರೆ ಸಾಕು: ನಡುವೆ 214 ಡಿಗ್ರಿ! ಅಂಚಿನತ್ತ ತಿರುಗಿಸಿದರೆ 158! ದೋಸೆಯ ನಡುಭಾಗ ಸೀಯುವ ಹೊತ್ತಿಗೂ ಅಂಚು ಬಿಳಿಚಿಕೊಂಡೇ ಇರುವುದೇಕೆ ಎಂಬ ಅಡುಗೆಮನೆಯ ಗುಟ್ಟು ಹೀಗೆ ಅಂಕಿಯಲ್ಲೇ ಸಿಕ್ಕಿಬೀಳುತ್ತದೆ. ಉರಿ ಸಣ್ಣ ಮಾಡಿ ಸ್ವಲ್ಪ ಹೊತ್ತು ಬಿಡಿ, ಅಂತರ ಕಡಿಮೆಯಾಗುತ್ತಾ ಬರುವುದೂ ಕಾಣುತ್ತದೆ.

ಅಳೆಯುವುದು ಆ ಕೆಂಪು ಲೇಸರ್ ಚುಕ್ಕೆಯಲ್ಲ, ಅದು ಬರೀ ಗುರಿ ತೋರಿಸುತ್ತದೆ. ಬಿಸಿಯಾದ ಮೈಯಿಂದ ಸದಾ ಹೊಮ್ಮುವ, ನಮ್ಮ ಕಣ್ಣಿಗೆ ಕಾಣದ ಕಿರಣವನ್ನು ಯಂತ್ರ ಹಿಡಿಯುತ್ತದೆ. 12:1 ಎಂದು ಬರೆದಿರುವ ಮೀಟರನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಎರಡೂವರೆ ಸೆಂಟಿಮೀಟರ್ ಅಗಲದ ವೃತ್ತದ ಸರಾಸರಿ ಸಿಗುತ್ತದೆ. ದೂರ ಹೋದಷ್ಟೂ ವೃತ್ತ ಹಿಗ್ಗಿ, ಒಲೆಯ ಉರಿಯೂ ಅದರೊಳಗೆ ನುಸುಳುತ್ತದೆ.

ಈಗ ನಿಜವಾದ ಮೋಜು! ಹೊಳೆಯುವ ಸ್ಟೀಲ್ ಪ್ಯಾನನ್ನು ಒಲೆಗಿಟ್ಟು ಕಾಯಿಸಿ, ಒಂದು ಹನಿ ನೀರು ಬಿಡಿ. ಹನಿ ಆವಿಯಾಗದೆ ಮುತ್ತಿನಂತೆ ಉರುಳಾಡುತ್ತಿದೆ ಎಂದರೆ ಪ್ಯಾನು ಸುಮಾರು 200 ಡಿಗ್ರಿಗೆ ಬಂದಿದೆ. ಮೀಟರ್ ಹಿಡಿದು ನೋಡಿ: ಎಪ್ಪತ್ತೋ ಎಂಬತ್ತೋ! ಕೆಟ್ಟುಹೋಯಿತೇ? ಇಲ್ಲ. ಕಪ್ಪಗೆ ಪಳಗಿದ ಕಾವಲಿ ತನ್ನ ಕಾವನ್ನು ಹೆಚ್ಚುಕಡಿಮೆ ಪೂರ್ತಿ ಹೊರಸೂಸುತ್ತದೆ. ಅಗ್ಗದ ಮೀಟರುಗಳೆಲ್ಲ ಸಾಮಾನ್ಯವಾಗಿ ಆ ಲೆಕ್ಕಕ್ಕೇ, 0.95 ಎಂಬ ಎಮಿಸಿವಿಟಿಗೇ, ಹೊಂದಿಸಿದವು. ನುಣ್ಣಗಿನ ಸ್ಟೀಲು ಹೊರಸೂಸುವುದು ಅದರಲ್ಲಿ ಆರನೇ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು? ಪ್ರತಿಫಲನ! ಆ ಕಿರಣಗಳ ಪಾಲಿಗೆ ಪ್ಯಾನು ಅಪ್ಪಟ ಕನ್ನಡಿ, ಅದರಲ್ಲಿ ಕಾಣುವುದು ನಿಮ್ಮ ಚಾವಣಿ, ನಿಮ್ಮ ಮುಖ.

ನಂಬಿಕೆ ಬರದಿದ್ದರೆ ತಣ್ಣನೆಯ ಸ್ಟೀಲ್ ತಟ್ಟೆಯೊಂದನ್ನು ಕಾದ ಕಾವಲಿಯ ಪಕ್ಕ ಓರೆಯಾಗಿ ಹಿಡಿದು, ತಟ್ಟೆಗೇ ಮೀಟರ್ ತೋರಿಸಿ. ಕಾವಲಿಯ ಬಿಂಬ ಬೀಳುವ ಕೋನ ಸಿಕ್ಕ ಕ್ಷಣ ಅಂಕಿ ನೂರನ್ನು ದಾಟಿ ಜಿಗಿಯುತ್ತದೆ. ಹಿಡಿದ ಕೈಗೆ ಮಾತ್ರ ತಟ್ಟೆ ತಣ್ಣಗೇ ಇದೆ!

ಹಾಗಾದರೆ ಸ್ಟೀಲಿಗೆ ದಾರಿಯೇನು? ಎಣ್ಣೆ ಸವರಿದರೆ ಅಂಕಿ ಮೇಲೇರುತ್ತದೆ, ಆದರೆ ತೆಳು ಪದರದ ಮೂಲಕ ಕನ್ನಡಿ ಇನ್ನೂ ಇಣುಕುತ್ತಿರುತ್ತದೆ, ಹೀಗಾಗಿ ನಿಜಕ್ಕಿಂತ ಕಡಿಮೆಯೇ ತೋರಿಸುತ್ತದೆ. ಕೆಲವರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅಳೆಯಲು ಹೇಳುತ್ತಾರೆ. ನೀರಿನ ಪೈಪಿಗೆ ಸರಿ, ಕಾದ ಪ್ಯಾನಿನ ಮೇಲೆ ಅದು ಕರಗಿ ನಾರುತ್ತದೆ. ಒಗ್ಗರಣೆಗೋ ಕರಿಯುವುದಕ್ಕೋ ಎಣ್ಣೆ ಒಂದಷ್ಟು ಆಳವಾಗಿ ನಿಂತಿದ್ದರೆ ಲೆಕ್ಕವೇ ಬೇರೆ: ಎಣ್ಣೆ ಚೆನ್ನಾಗಿ ಕಿರಣ ಸೂಸುತ್ತದೆ, ಅಂಕಿಯನ್ನು ನಂಬಬಹುದು. ಒಂದೇ ಮಾತು, ಅದು ಮೇಲ್ಪದರದ ಕಾವು ಮಾತ್ರ. ಸೌಟಿನಿಂದ ಒಮ್ಮೆ ಕಲಕಿ, ಹೊಗೆ ಆವಿ ಇಲ್ಲದಾಗ ಗುಂಡಿ ಒತ್ತಿ. ಖಾಲಿ ಸ್ಟೀಲ್ ಪ್ಯಾನಿಗಾದರೆ ಆ ನೀರಿನ ಹನಿಯೇ ಮೀಟರಿಗಿಂತ ವಾಸಿ.