ಸ್ಲೈಡಿನ ಮೇಲೆ ನಾಲ್ಕು ವಿಮರ್ಶಾ ಪಂಥಗಳು

ಸಾಹಿತ್ಯದ ತರಗತಿಯಲ್ಲಿ ವಿಮರ್ಶಾ ಪಂಥಗಳ ಸ್ಲೈಡು ಸಾಮಾನ್ಯವಾಗಿ ಹೆಸರು, ಕಾಲ, ಪ್ರಮುಖರು ಎಂಬ ಮೂರು ಕಾಲಂಗಳಲ್ಲಿ ಮುಗಿದುಹೋಗುತ್ತದೆ. ಅದನ್ನು ಬಾಯಿಪಾಠ ಮಾಡಿದರೂ ಎದುರಿಗಿರುವ ವಿಮರ್ಶೆ ಯಾವ ಪಂಥದ್ದೆಂದು ತಿಳಿಯುವುದಿಲ್ಲ. ವಿಮರ್ಶಕರು ತಮ್ಮ ಮಾತಿಗೆ ಪುರಾವೆಯನ್ನು ಎಲ್ಲಿಂದ ತರುತ್ತಾರೆ ಎಂದು ನೋಡಿದರೆ ಮಾತ್ರ ಪಂಥದ ಗುರುತು ಸಿಗುತ್ತದೆ.

ರಷ್ಯನ್ ರೂಪವಾದಕ್ಕೆ ಟಾಲ್‌ಸ್ಟಾಯ್‌ರ ‘ಖೊಲ್‌ಸ್ತೊಮೆರ್’ ಒಳ್ಳೆಯ ಉದಾಹರಣೆ. ಅಲ್ಲಿ ಕುದುರೆಯೊಂದು ತನ್ನ ಕಥೆ ಹೇಳುತ್ತದೆ; ಮನುಷ್ಯರು ‘ನನ್ನದು’ ಎನ್ನುವುದು ಏಕೆಂದು ಅದಕ್ಕೆ ಅರ್ಥವಾಗುವುದಿಲ್ಲ. ಕುದುರೆಯ ಕಣ್ಣಿನಿಂದ ಕಂಡಾಗ ಆಸ್ತಿ ಎಂಬ ದಿನಬಳಕೆಯ ಸಂಗತಿಯೇ ವಿಚಿತ್ರವಾಗಿಬಿಡುತ್ತದೆ. ವಿಕ್ಟರ್ ಶ್ಕ್ಲೋವ್‌ಸ್ಕಿ 1917ರ ಲೇಖನದಲ್ಲಿ ಇದನ್ನೇ ಎತ್ತಿಕೊಂಡು, ಪರಿಚಿತವನ್ನು ಅಪರಿಚಿತಗೊಳಿಸುವುದು ಕಲೆಯ ತಂತ್ರ ಎಂದರು. ಇಲ್ಲಿನ ಪುರಾವೆ ನಿರೂಪಣೆಯ ತಂತ್ರ.

ಅಮೆರಿಕದ ನವವಿಮರ್ಶೆಯೂ ಕೃತಿಯೊಳಗೇ ಇರುವುದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. (ಕನ್ನಡದ ನವ್ಯ ಚಳವಳಿಯೇ ಇದು ಎಂದು ಬಗೆಯುವುದು ಇನ್ನೊಂದು ತಪ್ಪು.) ಕೀಟ್ಸ್ ಕವಿ ಗ್ರೀಕ್ ಕಲಶವನ್ನು ಕುರಿತು ಬರೆದ ಓಡ್‌ನ ಕೊನೆಯ ಮಾತನ್ನು ಹಲವರು ಕವಿಯ ತತ್ತ್ವವೆಂದು ಓದಿದ್ದರು. ಕ್ಲೆಂತ್ ಬ್ರೂಕ್ಸ್ ಹಾಗೆ ಓದಲಿಲ್ಲ. ಆ ಮಾತು ಕಲಶದ್ದು, ಕವಿತೆಯ ಹಿಂದಿನ ಸಾಲುಗಳ ವಿರೋಧಾಭಾಸಗಳ ನಡುವೆಯೇ ಅದರ ಅರ್ಥ ಹುಡುಕಬೇಕು ಎಂದರು. ರೂಪವಾದಿ ತಂತ್ರವನ್ನು ಹುಡುಕಿದರೆ ನವವಿಮರ್ಶಕ ಇಡೀ ಕವಿತೆಯ ಒಳಬಂಧವನ್ನು ಹುಡುಕುತ್ತಾನೆ.

ಮನೋವಿಶ್ಲೇಷಣೆಗೆ ಫ್ರಾಯ್ಡ್ ತಾವೇ ಉದಾಹರಣೆ ಒದಗಿಸಿದ್ದಾರೆ. ಹಾಫ್‌ಮನ್‌ರ ‘ಸ್ಯಾಂಡ್‌ಮ್ಯಾನ್’ ಕಥೆಯ ಹುಡುಗನಿಗೆ ಕಣ್ಣು ಕಳೆದುಕೊಳ್ಳುವ ಭಯ. 1919ರ ಪ್ರಬಂಧದಲ್ಲಿ ಫ್ರಾಯ್ಡ್ ಈ ಭಯವನ್ನು ತಂದೆಯ ಬಗೆಗಿನ ಅದುಮಿಟ್ಟ ಭಯಕ್ಕೆ ಜೋಡಿಸಿದರು. ಕಥೆ ಬಾಯಿಬಿಟ್ಟು ಹೇಳದಿರುವುದೇ ಇಲ್ಲಿ ಪುರಾವೆ. ಹಾಗಾಗಿ ಅಳತೆ ಮೀರುವ ಅಪಾಯವೂ ಈ ಪಂಥಕ್ಕೇ ಹೆಚ್ಚು.

ಸ್ತ್ರೀವಾದಿ ವಿಮರ್ಶೆ ಎಂದರೆ ಹೆಣ್ಣು ಪಾತ್ರಗಳಿರುವ ಕೃತಿಯ ವಿಮರ್ಶೆ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವುದುಂಟು. ಶಾರ್ಲಟ್ ಪರ್ಕಿನ್ಸ್ ಗಿಲ್‌ಮನ್ 1892ರಲ್ಲಿ ಪ್ರಕಟಿಸಿದ ‘ದ ಯೆಲೋ ವಾಲ್‌ಪೇಪರ್’ ಕಥೆ ಈ ತಪ್ಪನ್ನು ತಿದ್ದುತ್ತದೆ. ವೈದ್ಯನಾದ ಗಂಡ ವಿಶ್ರಾಂತಿಯ ಹೆಸರಿನಲ್ಲಿ ಹೆಂಡತಿಗೆ ಬರೆಯುವುದನ್ನು ಬೇಡವೆನ್ನುತ್ತಾನೆ. ಅವಳು ಕದ್ದು ಬರೆಯುತ್ತಾಳೆ. ಗೋಡೆಗೆ ಅಂಟಿಸಿದ ಹಳದಿ ಕಾಗದದ ಚಿತ್ತಾರದ ಹಿಂದೆ ಸಿಕ್ಕಿಬಿದ್ದ ಹೆಂಗಸೊಬ್ಬಳು ಅವಳಿಗೆ ಕಾಣತೊಡಗುತ್ತಾಳೆ.

ಇದೇ ಕಥೆಯನ್ನು ನವವಿಮರ್ಶಕ ಓದಿದರೆ ಆ ಚಿತ್ತಾರದ ಬಿಂಬ ಪುಟದಿಂದ ಪುಟಕ್ಕೆ ಹೇಗೆ ಬೆಳೆಯಿತೆಂದು ನೋಡುತ್ತಾನೆ. ಫ್ರಾಯ್ಡ್‌ವಾದಿಗೆ ಕಾಗದದ ಹಿಂದಿನ ಹೆಂಗಸು ಅವಳದೇ ಅದುಮಿಟ್ಟ ಮನಸ್ಸು. ಸ್ತ್ರೀವಾದಿ ಕೇಳುವುದು ಬೇರೆ: ಲೇಖನಿಯನ್ನು ಕಸಿದುಕೊಳ್ಳುವ ಅಧಿಕಾರ ಗಂಡನಿಗೆ ಎಲ್ಲಿಂದ ಬಂತು? ಉತ್ತರಕ್ಕಾಗಿ ಆಕೆ ಅಂದಿನ ವೈದ್ಯಪದ್ಧತಿಯನ್ನೂ, ಗಿಲ್‌ಮನ್ ಸ್ವತಃ ಅಂಥ ವಿಶ್ರಾಂತಿ ಚಿಕಿತ್ಸೆಗೆ ಒಳಗಾಗಿದ್ದನ್ನೂ ಮುಂದಿಡುತ್ತಾಳೆ. ಲೇಖಕಿಯ ಬದುಕಿನ ಈ ಸಂಗತಿಯನ್ನು ನವವಿಮರ್ಶಕ ಪುರಾವೆಯಾಗಿ ಮುಟ್ಟುವುದಿಲ್ಲ.